ಥೋಡಾ ಸರಕಾ: ಡೈರಿಯ ಪುಟದಿಂದ ಹಾಡಿಗೆ

ಡೊಂಬಿವಲಿಯ ಕನ್ನಡಿಗರ ವಾರ್ಷಿಕೋತ್ಸವದಲ್ಲಿ ಹಾಡುವವರಿಗಾಗಿ ಈ ಹಾಡು. ಜರ್ಮನಿಯ ಆಖೆನ್‌ನಲ್ಲಿ ಎಂ.ಎಸ್. ಓದುತ್ತಿರುವ ನಮ್ಮೂರ ಹುಡುಗಿಯ ಡೈರಿಯಿಂದ ಬಂದದ್ದು. ಅವಳ ಒಪ್ಪಿಗೆಯಿದೆ, ಹೆಸರು ಬೇಡ ಎಂದಿದ್ದಾಳೆ. ಮೊದಲು ಡೈರಿ ಓದಿ, ಆಮೇಲೆ ಹಾಡಿ.

ಡೈರಿ

2024 ಡಿಸೆಂಬರ್ 8, ಭಾನುವಾರ. ನಾಲ್ಕೂವರೆಗೇ ಕತ್ತಲಾಯ್ತು. ಹಾಲು ತಂದಿಟ್ಟಿರಲಿಲ್ಲ, ಇವತ್ತು ಅಂಗಡಿಗಳೆಲ್ಲ ಬಂದ್. ಅಮ್ಮ ಮಾಟುಂಗಾದಿಂದ ಪುಡಿ ಮಾಡಿಸಿ ಕಳಿಸಿದ ಕಾಫಿ ಇನ್ನೆರಡು ಚಮಚ ಇದೆ. ಡಬ್ಬಿ ತೆರೆದು ಮೂಸಿ ಮತ್ತೆ ಮುಚ್ಚಿಟ್ಟೆ. ಅಸೈನ್‌ಮೆಂಟ್ ಅರ್ಧ ಆಗಿದೆ, ಬಟ್ಟೆ ಒಗೆಯೋದು ಬಾಕಿ. ರೈಲಿನಲ್ಲಿ ಬರುವಾಗ ಪಕ್ಕದ ಸೀಟು ಪೂರ್ತಿ ಖಾಲಿ. ನಮ್ಮ ಲೇಡೀಸ್ ಡಬ್ಬದಲ್ಲಿ ಮೂರು ಜನರ ಸೀಟಿನ ತುದಿಗೆ ಬಂದು ‘ಥೋಡಾ ಸರಕಾ’ ಅಂದ್ರೆ ಸಾಕು, ಬೈಕೊಂಡಾದ್ರೂ ಸರೀತಾರೆ. ಏಳೂವರೆಗೆ ಅಮ್ಮನಿಗೆ ಫೋನ್ ಮಾಡಿದೆ, ಅಲ್ಲಿ ರಾತ್ರಿ ಹನ್ನೆರಡು. ಊಟ ಆಯ್ತಾ ಅಂದ್ಲು. ಆಯ್ತು ಅಂದೆ. ಆಗಿರಲಿಲ್ಲ. ‘ಹೂಂ’ ಅಂದ್ಲು, ಫೋನ್ ಇಡಲಿಲ್ಲ. ತುಂಬಾ ಬೇಜಾರು, ಮನೆ ನೆನಪು.

ಹಾಡು

ಪಲ್ಲವಿ
ಪಕ್ಕದ ಸೀಟಲಿ ಯಾರೂ ಇಲ್ಲ
ಥೋಡಾ ಸರಕಾ ಅನ್ನೋರಿಲ್ಲ

ಚರಣ 1
ಮೂವರ ಬೆಂಚಿಗೆ ನಾಲ್ವರು ನಾವು
ತುದಿಯಲಿ ಕೂತರು ಭುಜಗಳ ಕಾವು
ಇಲ್ಲಿಯ ರೈಲಲಿ ಜಾಗವೆ ಜಾಗ
ಚೀಲವ ತಬ್ಬಿಯೆ ಕೂರುವೆನೀಗ

ಚರಣ 2
ನಾಲ್ಕೂವರೆಗೇ ಕತ್ತಲು ಹೊರಗೆ
ಮಾಟುಂಗಾದಾ ಕಾಫಿಯು ಒಳಗೆ
ಮೆಲ್ಲಗೆ ಮೂಸಿದೆ ಮುಚ್ಚಳ ಬಿಚ್ಚಿ
ಕುಡಿಯದೆ ಇಟ್ಟೆನು ಮತ್ತದ ಮುಚ್ಚಿ

ಚರಣ 3
ಊಟಾ ಆಯ್ತಾ ಅಮ್ಮನ ಮಾತು
ಆಯ್ತಾಯ್ತೆಂದೆನು ಹಸಿವಲಿ ಕೂತು
ಹೂಂ ಎಂದಮ್ಮಾ ಫೋನಿಡಲಿಲ್ಲ
ನಾನೂ ಏನೂ ಹೇಳಲೆ ಇಲ್ಲ

ಹಾಡುವವರಿಗೆ

ಡೈರಿಯಲ್ಲಿ ಪಲ್ಲವಿಗೆ ಎರಡು ಮಾತು ಪೈಪೋಟಿಗೆ ನಿಂತಿದ್ದವು: ‘ಊಟ ಆಯ್ತಾ’, ‘ಥೋಡಾ ಸರಕಾ’. ಮೊದಲನೆಯದನ್ನು ಪಲ್ಲವಿಯಲ್ಲೇ ಹಾಡಿಬಿಟ್ಟರೆ ಕೇಳುವವರ ಕಣ್ಣು ಅಲ್ಲೇ ತೇವ, ಮೂರನೇ ಚರಣಕ್ಕೆ ಏನೂ ಉಳಿಯುವುದಿಲ್ಲ. ಎರಡನೆಯದಕ್ಕೆ ಲೋಕಲ್ ಹತ್ತಿದವರೆಲ್ಲ ಮೊದಲ ಸಲ ನಗುತ್ತಾರೆ. ನಗಲಿ, ಅದಕ್ಕಾಗಿಯೇ ಇಟ್ಟದ್ದು. ಕೊನೆಯ ಸಲ ಅದೇ ಸಾಲು ಬರುವಾಗ ಯಾರೂ ನಗಬಾರದು, ಅಷ್ಟೇ. ಅಸೈನ್‌ಮೆಂಟು, ಬಟ್ಟೆ ಒಗೆಯುವುದು ಬಿಟ್ಟದ್ದು ಅವು ಯಾವ ಊರಲ್ಲೂ ಇರುತ್ತವೆಂದು. ‘ಬೇಜಾರು’, ‘ನೆನಪು’ ಎರಡನ್ನೂ ಬೇಕೆಂದೇ ತೆಗೆದಿದ್ದೇನೆ. ಡಬ್ಬಿ ಮೂಸಿ ಮುಚ್ಚಿಟ್ಟವಳ ಬಾಯಲ್ಲಿ ಮತ್ತೆ ‘ನೆನಪಾಗುತಿದೆ’ ಎನ್ನಿಸಿದರೆ ಹಾಡು ಸಪ್ಪೆಯಾಗುತ್ತದೆ. ರಿಹರ್ಸಲ್‌ನಲ್ಲಿ ಯಾರಾದರೂ ಅದನ್ನು ಸೇರಿಸಲು ಹೊರಟರೆ ದಯವಿಟ್ಟು ತಡೆಯಿರಿ.

ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ: ಪಕ್ಕದ / ಸೀಟಲಿ / ಯಾರೂ / ಇಲ್ಲ. ಕೊನೆಯ ಗಣದಲ್ಲಿ ಒಂದು ಮಾತ್ರೆ ಕಡಿಮೆ, ಆ ಕೊನೆಯ ಅಕ್ಷರವನ್ನು ಎಳೆದು ತುಂಬಬೇಕು. ತಬಲಾದಲ್ಲಿ ಕೆಹರವಾ, ಒಂದು ಪೆಟ್ಟಿಗೆ ಎರಡು ಮಾತ್ರೆಯಂತೆ ಸಾಲಿಗೊಂದು ಆವರ್ತನ. ‘ಊಟಾ’, ‘ಮಾಟುಂಗಾದಾ’ ಎಂಬ ದೀರ್ಘಗಳು ಲೆಕ್ಕಕ್ಕಾಗಿ ಬಂದವು. ‘ಊಟ ಆಯ್ತಾ’ ಎಂದು ಮಾತಿನ ಹಾಗೆ ಮೊಟಕು ಮಾಡಿದರೆ ಒಂದು ಮಾತ್ರೆ ಬಿದ್ದು, ‘ಅಮ್ಮನ’ ತಾಳಕ್ಕಿಂತ ಮುಂಚೆ ಬಂದುಬಿಡುತ್ತದೆ. ‘ಕೂರುವೆನೀಗ’ದಲ್ಲಿ ‘ನೀ’ಗೆ ಪೆಟ್ಟು ಬೀಳಬೇಕು, ‘ಕೂರುವೆನು ಈಗ’ ಎಂದು ಬಿಡಿಸಿದರೆ ಒಂದು ಮಾತ್ರೆ ಹೆಚ್ಚಾಗಿ ‘ಈ’ ತಾಳಕ್ಕಿಂತ ತಡವಾಗುತ್ತದೆ.

ನಿಮಿಷಕ್ಕೆ 80 ಪೆಟ್ಟು ಸಾಕು, ಸಾಲಿಗೆ ಆರು ಸೆಕೆಂಡ್. ಪಲ್ಲವಿ ಆರಂಭದಲ್ಲಿ ಎರಡು ಸಲ, ಪ್ರತಿ ಚರಣದ ನಂತರ ಒಂದು ಸಲ ಹಾಡಿದರೆ ಎರಡೂಕಾಲು ನಿಮಿಷದೊಳಗೆ ಮುಗಿಯುತ್ತದೆ. 100ಕ್ಕೆ ಏರಿಸಿದರೆ ಮೊದಲ ಚರಣ ಕುಣಿಯುತ್ತದೆ, ಮೂರನೆಯದು ಕೆಡುತ್ತದೆ. ಮೂರನೇ ಚರಣದ ಕೊನೆಯ ಎರಡು ಸಾಲಿಗೆ ತಬಲಾ ನಿಲ್ಲಲಿ, ಹಾರ್ಮೋನಿಯಂ ಒಂದೇ ಸ್ವರ ಹಿಡಿದಿರಲಿ. ‘ಹೂಂ’ ಹಾಡಬೇಡಿ, ಫೋನಿನಲ್ಲಿ ಅನ್ನುವ ಹಾಗೆ ಅನ್ನಿ. ‘ಇಲ್ಲ’ ಎಳೆದ ಮೇಲೆ ತಬಲಾ ಬಿಡುವಿಲ್ಲದೆ ನೇರವಾಗಿ ಪಲ್ಲವಿಗೆ ಬರಬೇಕು. ಅಲ್ಲಿ ಉಸಿರಾಡಲು ಜಾಗವಿಲ್ಲ, ಆದ್ದರಿಂದ ‘ಫೋನಿಡಲಿಲ್ಲ’ ಮುಗಿದ ಕೂಡಲೇ ಉಸಿರು ತುಂಬಿಕೊಳ್ಳಿ. ಮೈಕಿಗೆ ಎಕೋ ಬೇಡವೆಂದು ಸೌಂಡಿನವರಿಗೆ ಮೊದಲೇ ಹೇಳಿಡಿ.