ಅವರೆಕಾಳಿನ ಊಟಕ್ಕೆ ಬನ್ನಿ: ಜನವರಿ 24, ಭಾನುವಾರ

ಆತ್ಮೀಯರೇ,

ಸಂಕ್ರಾಂತಿ ಕಳೆದ ಎರಡನೇ ಭಾನುವಾರ, ಜನವರಿ 24ರಂದು, ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ತಾರಸಿಯಲ್ಲಿ ಅವರೆಕಾಳಿನ ಊಟ ಇಟ್ಟುಕೊಂಡಿದ್ದೇವೆ. ಸೊಗಡಿನ ಅವರೆ ಚೆನ್ನಾಗಿ ಬರುವ ಕಾಲ ಇದು. ಇಬ್ಬನಿ ಕಡಿಮೆಯಾಯಿತೆಂದರೆ ಕಾಯಿಯ ಘಮವೂ ಇಳಿಯುತ್ತದೆ, ಅದಕ್ಕೇ ಫೆಬ್ರವರಿಗೆ ಮುಂದೂಡಲಿಲ್ಲ. ಮನೆಮಂದಿ, ಬೀದಿಯವರು, ಸ್ನೇಹಿತರು ಸೇರಿ ಸುಮಾರು 40 ಜನ ಆಗುತ್ತೇವೆ. ಬಾಳೆಎಲೆ ಊಟ, ಎರಡು ಪಂಕ್ತಿ: ಮೊದಲನೆಯದು 12:45ಕ್ಕೆ, ಎರಡನೆಯದು 1:45ಕ್ಕೆ. ಮಕ್ಕಳು ಮತ್ತು ಹಿರಿಯರು ಮೊದಲ ಪಂಕ್ತಿಗೆ. ಮಂಡಿನೋವು ಇರುವವರಿಗೆ ಕೆಳಗೆ ಹಾಲ್‌ನಲ್ಲೇ ಮೇಜು ಹಾಕುತ್ತೇವೆ, ಮೆಟ್ಟಿಲು ಹತ್ತುವುದು ಬೇಡ.

ನಿಮ್ಮಿಂದ ಒಂದು ಉತ್ತರ ಬೇಕು, ಜನವರಿ 17ರ ಭಾನುವಾರ ರಾತ್ರಿಯೊಳಗೆ: ಎಷ್ಟು ಜನ ಬರುತ್ತೀರಿ, ಯಾರಿಗೆ ಏನು ಒಗ್ಗುವುದಿಲ್ಲ, ಯಾರಿಗೆ ಏನು ಬೇಡ. ಏನೇನು ಬಡಿಸುತ್ತೇವೆ, ಅದರೊಳಗೆ ಏನೇನು ಬೀಳುತ್ತದೆ ಎನ್ನುವುದನ್ನು ಕೆಳಗೆ ಬಿಚ್ಚಿ ಬರೆದಿದ್ದೇವೆ. ದಯವಿಟ್ಟು ಪೂರ್ತಿ ಓದಿ, ಏಕೆಂದರೆ ಕೆಲವು ಪದಾರ್ಥಗಳನ್ನು ಬಡಿಸುವಾಗ ಬಿಡಬಹುದು, ಕೆಲವನ್ನು ರುಬ್ಬಿದ ಮೇಲೆ ತೆಗೆಯಲು ಬರುವುದಿಲ್ಲ.

ಊಟದ ಪಟ್ಟಿ

ಎಲೆ ತುದಿಗೆ ಉಪ್ಪು, ನಿಂಬೆಕಾಯಿ ಉಪ್ಪಿನಕಾಯಿ, ಹೆಸರುಬೇಳೆ ಕೋಸಂಬರಿ. ಕೋಸಂಬರಿಯ ಬೇಳೆ ಎರಡು ಗಂಟೆ ನೆನೆದದ್ದು, ಬೇಯಿಸಿದ್ದಲ್ಲ. ಹಸಿ ಬೇಳೆ ಹೊಟ್ಟೆಗೆ ಆಗದವರು ಅದನ್ನು ಬಿಡಬಹುದು. ಅದರಲ್ಲಿ ಕ್ಯಾರೆಟ್, ಸೌತೆಕಾಯಿ, ತೆಂಗಿನತುರಿ, ನಿಂಬೆರಸ, ಸಾಸಿವೆ-ಇಂಗಿನ ಒಗ್ಗರಣೆ ಇರುತ್ತದೆ.

ಮೊದಲು ಬರುವುದು ಅವರೆಕಾಳು ಅಕ್ಕಿರೊಟ್ಟಿ, ಕಾಯಿಚಟ್ನಿ, ಬೆಣ್ಣೆ. ರೊಟ್ಟಿ ಹಿಟ್ಟಿಗೆ ಬೇಯಿಸಿ ನೀರು ಬಸಿದ ಕಾಳು, ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ತೆಂಗಿನತುರಿ, ಸಬ್ಬಸಿಗೆ ಸೊಪ್ಪು. ಕಾಳಿನಲ್ಲಿ ನೀರು ಉಳಿದರೆ ಹಿಟ್ಟು ಸಡಿಲವಾಗಿ ರೊಟ್ಟಿ ತವೆಯ ಮೇಲೆ ಹರಿಯುತ್ತದೆ, ಹಾಗಾಗಿ ಕಾಳನ್ನು ಬೆಳಿಗ್ಗೆಯೇ ಬೇಯಿಸಿ ಬಟ್ಟೆಯ ಮೇಲೆ ಆರಹಾಕುತ್ತೇವೆ. 4 ಕಿಲೋ ಅಕ್ಕಿಹಿಟ್ಟು, ಸುಮಾರು 60 ರೊಟ್ಟಿ. ಸಬ್ಬಸಿಗೆ ವಿಷಯದಲ್ಲಿ ಮನೆಮನೆಯಲ್ಲೂ ಎರಡು ಪಕ್ಷ. ಅದರ ವಾಸನೆ ಆಗದವರು ನಾಚಿಕೊಳ್ಳದೆ ಹೇಳಿ. ಹಿಟ್ಟು ಕಲಸುವ ಮುಂಚೆ ಗೊತ್ತಾದರೆ ಒಂದು ಪಾಲಿಗೆ ಕೊತ್ತಂಬರಿ ಸೊಪ್ಪು ಹಾಕಿಬಿಡಬಹುದು, ಕಲಸಿದ ಮೇಲೆ ಸೊಪ್ಪನ್ನು ಆರಿಸುತ್ತ ಕೂರಲು ಆಗುವುದಿಲ್ಲ.

ಊಟದ ಜೀವ ಹಿತಕಿದಬೇಳೆ ಸಾರು. ಜೊತೆಗೆ ರಾಗಿಮುದ್ದೆ, ಅನ್ನ. 20 ಕಿಲೋ ಕಾಯಿ ತರುತ್ತೇವೆ. ಸುಲಿದರೆ ಸುಮಾರು 8 ಕಿಲೋ ಕಾಳು, ಕಾಯಿ ಎಳಸೋ ಬಲಿತದ್ದೋ ನೋಡಿಕೊಂಡು ಹೆಚ್ಚುಕಡಿಮೆ. 2 ಕಿಲೋ ರೊಟ್ಟಿಗೆ ತೆಗೆದಿಟ್ಟು ಉಳಿದದ್ದನ್ನು ರಾತ್ರಿ ನೆನೆಸಿ ಹಿತಕಿದರೆ, ಸಿಪ್ಪೆ ಕಳೆದು 4 ಕಿಲೋ ಆಸುಪಾಸು ಬೇಳೆ ಸಿಗುತ್ತದೆ. ಅದರಲ್ಲಿ 3 ಕಿಲೋ ಸಾರಿಗೆ. ಮಸಾಲೆಗೆ ರುಬ್ಬುವುದು: ತೆಂಗಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ದನಿಯ, ಒಣಮೆಣಸಿನಕಾಯಿ, ಗಸಗಸೆ, ಚಕ್ಕೆ, ಲವಂಗ, ಟೊಮೇಟೊ, ಕೊತ್ತಂಬರಿ ಸೊಪ್ಪು. ಗಮನಿಸಿ, ಇವೆಲ್ಲವೂ ಒಟ್ಟಿಗೆ ನುಣ್ಣಗಾಗುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗಸಗಸೆ, ತೆಂಗು ಇವುಗಳಲ್ಲಿ ಯಾವುದೇ ಒಂದು ಬೇಡವೆಂದರೂ ಬೇರೆ ಪಾತ್ರೆಯಲ್ಲಿ ಬೇರೆ ಸಾರೇ ಆಗಬೇಕು. ಖಾರವೂ ಹಾಗೆಯೇ: ಒಣಮೆಣಸಿನಕಾಯಿ ರುಬ್ಬಿದ ಮಸಾಲೆಯೊಳಗೇ ಇರುವುದರಿಂದ ಆಮೇಲೆ ನೀರು ಬೆರೆಸಿದರೆ ಸಾರು ಸಪ್ಪೆಯಾಗುತ್ತದೆಯೇ ಹೊರತು ಖಾರ ಹದಕ್ಕೆ ಬರುವುದಿಲ್ಲ. ಮಕ್ಕಳ ಲೆಕ್ಕ ಸಿಕ್ಕರೆ ಅಷ್ಟಕ್ಕೆ ಖಾರ ಕಡಿಮೆ ಮಾಡಿ ಮೊದಲೇ ರುಬ್ಬುತ್ತೇವೆ.

ಮುದ್ದೆಗೆ ರಾಗಿಹಿಟ್ಟು, ನೀರು, ಉಪ್ಪು ಬಿಟ್ಟರೆ ಬೇರೇನಿಲ್ಲ. ತುಪ್ಪ ಬೇಕಾದವರಿಗೆ ಎಲೆಗೆ ಬಂದ ಮೇಲೆ. 2 ಕಿಲೋ ಹಿಟ್ಟಿಗೆ ಅಂಗೈ ತುಂಬುವಂಥ 30 ಮುದ್ದೆ. ಮುದ್ದೆ ಬಿಸಿಯಲ್ಲೇ ಇಳಿಯಬೇಕು, ಕೂತರೆ ಗಟ್ಟಿಯಾಗುತ್ತದೆ. ಹಾಗಾಗಿ ಎರಡು ಪಂಕ್ತಿಗೂ ಬೇರೆ ಬೇರೆಯಾಗಿ ತೊಳಸುತ್ತೇವೆ. ಮುದ್ದೆ ತಿನ್ನದವರ ಸಂಖ್ಯೆ ಗೊತ್ತಾದರೆ ಅನ್ನಕ್ಕೆ ಅಕ್ಕಿ ಅಷ್ಟು ಹೆಚ್ಚು ಅಳೆಯುತ್ತೇವೆ.

ಕೊನೆಗೆ ತಿಳಿಸಾರು, ಮಜ್ಜಿಗೆ. ತಿಳಿಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ತೆಂಗು ಮೂರೂ ಇಲ್ಲ. ತೊಗರಿಬೇಳೆ ಕಟ್ಟು, ಟೊಮೇಟೊ, ಹುಣಸೆ, ಮೆಣಸು-ಜೀರಿಗೆ ಮಾತ್ರ, ಒಗ್ಗರಣೆ ತುಪ್ಪದ್ದು. ಸಿಹಿಗೆ ಮೈಸೂರು ಪಾಕ್: ಕಡಲೆಹಿಟ್ಟು, ಸಕ್ಕರೆ, ಧಾರಾಳವಾಗಿ ತುಪ್ಪ. ಜೊತೆಗೆ ಬಾಳೆಹಣ್ಣಿನ ರಸಾಯನ, ಅದಕ್ಕೆ ತೆಂಗಿನಹಾಲು, ಬೆಲ್ಲ, ಏಲಕ್ಕಿ. ಹಸುವಿನ ಹಾಲು ಇಲ್ಲ. ನಾಲ್ಕು ಗಂಟೆಯ ಕಾಫಿ ಜೊತೆಗೆ ಕರಿದ ಹಿತಕಿದಬೇಳೆ ಮಿಕ್ಸ್ಚರ್. ಇದರಲ್ಲಿ ಕಡಲೆಕಾಯಿ ಬೀಜ, ಗೋಡಂಬಿ, ಹುರಿಗಡಲೆ, ಕೊಬ್ಬರಿ, ಅವಲಕ್ಕಿ, ಕರಿಬೇವು ಇರುತ್ತವೆ.

ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ. ಕರಿಯಲು ಸೂರ್ಯಕಾಂತಿ ಎಣ್ಣೆ.

ಅಲರ್ಜಿ ಇರುವವರಿಗೆ

ಮೊದಲನೆಯದಾಗಿ ಅವರೆಯೇ. ರಸಾಯನ, ಮೈಸೂರು ಪಾಕ್, ಕೋಸಂಬರಿ, ತಿಳಿಸಾರು ಬಿಟ್ಟರೆ ಅಂದಿನ ಮುಖ್ಯ ಅಡುಗೆಗಳಲ್ಲೆಲ್ಲ ಅವರೆ ಇದೆ. ಕಡಲೆಕಾಯಿಗೆ ಅಲರ್ಜಿ ಇರುವವರಲ್ಲಿ ಕೆಲವರಿಗೆ ಬೇರೆ ಬೇಳೆಕಾಳುಗಳೂ ಒಗ್ಗದಿರಬಹುದು. ಜಿ6ಪಿಡಿ ಕೊರತೆಯಿಂದಾಗಿ ವೈದ್ಯರು ಕಾಳುಗಳನ್ನು ಬಿಡಿಸಿರುವವರು ಯಾರಾದರೂ ಇದ್ದರೆ ಅದನ್ನೂ ತಿಳಿಸಿ. ನಿಮಗಾಗಿ ಸಾದಾ ಅಕ್ಕಿರೊಟ್ಟಿ, ಸೋರೆಕಾಯಿ ಪಲ್ಯ ಮಾಡುತ್ತೇವೆ. ಹೊಟ್ಟೆ ಉಬ್ಬರಿಸುತ್ತದೆ ಎನ್ನುವುದು ಬೇರೆ ವಿಷಯ. ಅಂಥವರಿಗೆ ಸಿಪ್ಪೆ ತೆಗೆದ ಹಿತಕಿದಬೇಳೆ ಇಡೀ ಕಾಳಿಗಿಂತ ಹಗುರ, ರೊಟ್ಟಿ ಕಡಿಮೆ ಮಾಡಿ ಸಾರು ಹಾಕಿಸಿಕೊಳ್ಳಿ.

ಕಡಲೆಕಾಯಿ, ಗೋಡಂಬಿ ಬೀಳುವುದು ಮಿಕ್ಸ್ಚರ್‌ಗೆ ಮಾತ್ರ. ಅವನ್ನು ಆರಿಸಿ ತಿಂದರೆ ಸಾಲದು, ಒಂದೇ ಎಣ್ಣೆಯಲ್ಲಿ ಕರಿದರೆ ಅಂಶ ಬೇಳೆಗೂ ಹತ್ತುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದ್ದರೆ ಹೊಸ ಎಣ್ಣೆಯಲ್ಲಿ ಮೊದಲ ಸುತ್ತು ಬರೀ ಬೇಳೆ, ಕರಿಬೇವು ಕರಿದು ಬೇರೆ ಡಬ್ಬಿಯಲ್ಲಿ ಮುಚ್ಚಿಡುತ್ತೇವೆ. ಅಲರ್ಜಿ ಜೋರಾಗಿದ್ದರೆ ಕಡಲೆಕಾಯಿಯನ್ನು ಅಂದು ಅಡುಗೆಮನೆಗೇ ತರುವುದಿಲ್ಲ. ಮಿಕ್ಸ್ಚರ್‌ಗೆ ಅದೇನೂ ಕೊರತೆಯಲ್ಲ.

ಗೋಧಿ ಆಗದವರು ಪಟ್ಟಿ ನೋಡಿ ನಿಶ್ಚಿಂತರಾಗಬೇಡಿ. ಗೋಧಿ ಎರಡು ಕಡೆ ಕಾಣದಂತೆ ಸೇರುತ್ತದೆ. ಒಂದು, ಅಂಗಡಿಯ ಇಂಗು: ಡಬ್ಬಿಯಲ್ಲಿ ಬರುವ ಇಂಗಿಗೆ ಸಾಮಾನ್ಯವಾಗಿ ಗೋಧಿ ಅಥವಾ ಮೈದಾ ಬೆರೆಸಿರುತ್ತಾರೆ. ಇನ್ನೊಂದು, ಗಿರಣಿ: ಗೋಧಿ ಬೀಸಿದ ಕಲ್ಲಿನಲ್ಲೇ ಅಕ್ಕಿ, ರಾಗಿ ಬೀಸಿದರೆ ಹಿಂದಿನ ಹಿಟ್ಟು ಒಂದಿಷ್ಟು ಉಳಿದಿರುತ್ತದೆ. ಸೀಲಿಯಾಕ್ ಇರುವವರಿಗೆ ಆ ಒಂದಿಷ್ಟೂ ತೊಂದರೆಯೇ. ತಿಳಿಸಿದರೆ ನಿಮ್ಮ ಪಾಲಿಗೆ ಗ್ಲುಟನ್ ಇಲ್ಲವೆಂದು ಮುದ್ರಿಸಿರುವ ಪೊಟ್ಟಣದ ಹಿಟ್ಟು ತಂದು, ಇಂಗಿಲ್ಲದೆ ಒಗ್ಗರಣೆ ಹಾಕಿ, ತವೆ ಕಾಯಿಸಿದ ಕೂಡಲೇ ಮೊದಲ ರೊಟ್ಟಿಗಳನ್ನು ನಿಮಗೇ ತಟ್ಟುತ್ತೇವೆ.

ಹಾಲಿನ ವಿಷಯದಲ್ಲಿ ಎರಡು ಬಗೆ ಇದೆ, ಯಾವುದೆಂದು ಸ್ಪಷ್ಟವಾಗಿ ಬರೆಯಿರಿ. ಹಾಲು ಕುಡಿದರೆ ಹೊಟ್ಟೆ ಕೆಡುವವರಲ್ಲಿ ಬಹಳ ಮಂದಿಗೆ ತುಪ್ಪ, ಮಜ್ಜಿಗೆ ತೊಂದರೆ ಮಾಡುವುದಿಲ್ಲ. ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವವರಿಗೆ ತುಪ್ಪವೂ ನಂಬಿಕೆಯ ವಸ್ತುವಲ್ಲ. ಅವರಿಗೆ ತಿಳಿಸಾರಿನ ಒಗ್ಗರಣೆ ಎಣ್ಣೆಯಲ್ಲಿ, ಮೈಸೂರು ಪಾಕ್ ಬದಲು ರಸಾಯನ. ತೆಂಗು ಆಗದವರಿಗೆ ರಸಾಯನ ಸಲ್ಲದು, ಬಾಳೆಹಣ್ಣು ಹಾಗೇ ಕೊಡುತ್ತೇವೆ. ಸಾಸಿವೆ, ಎಳ್ಳು, ಗಸಗಸೆಗೆ ಅಲರ್ಜಿ ಇರುವವರೂ ಉಂಟು. ಪಟ್ಟಿಯ ಯಾವುದರಲ್ಲೂ ಎಳ್ಳಿಲ್ಲ, ಸಾಸಿವೆ ಒಗ್ಗರಣೆಗಳಲ್ಲಿ, ಗಸಗಸೆ ಹಿತಕಿದಬೇಳೆ ಸಾರಿನಲ್ಲಿ ಇದೆ.

ಬಡಿಸುವಾಗ ಸೌಟು ಅದಲುಬದಲಾಗುವುದೇ ಪಂಕ್ತಿ ಊಟದ ದೊಡ್ಡ ಅಪಾಯ. ಅದಕ್ಕೆ ಅಲರ್ಜಿ ಇರುವವರ ಎಲೆಗಳನ್ನು ಮೊದಲ ಪಂಕ್ತಿಯ ಬಾಗಿಲ ಕಡೆಯ ತುದಿಗೆ ಹಾಕಿ, ಅವರಿಗೆ ಮೊದಲು, ಬೇರೆ ಪಾತ್ರೆಯಿಂದ, ಬೇರೆ ಸೌಟಿನಲ್ಲಿ ಬಡಿಸುತ್ತೇವೆ. ಔಷಧ ಇಟ್ಟುಕೊಳ್ಳುವವರು ಮರೆಯದೆ ತನ್ನಿ. ಎಲ್ಲಿಟ್ಟಿದ್ದೀರೆಂದು ಪಕ್ಕದಲ್ಲಿ ಕೂತವರಿಗೂ ತಿಳಿದಿರಲಿ.

ಬೇಡವಾದದ್ದು, ಬಿಟ್ಟದ್ದು

ಈರುಳ್ಳಿ-ಬೆಳ್ಳುಳ್ಳಿ ತಿನ್ನದವರಿಗೆ ಒಂದು ಪಾತ್ರೆ ಸಾರು ಬೇರೆ ಆಗುತ್ತದೆ. ಅದಕ್ಕೆ ಮಸಾಲೆಯನ್ನು ಮೊದಲು ರುಬ್ಬಿ, ಆಮೇಲೆ ಅದೇ ಜಾರಿನಲ್ಲಿ ಈರುಳ್ಳಿಯದು. ಕಂದಮೂಲವೂ ಬೇಡವೆನ್ನುವವರು ಹಾಗೆಂದು ಬರೆಯಿರಿ, ಶುಂಠಿ, ಕ್ಯಾರೆಟ್ ಕೂಡ ಬಿಡಬೇಕಾಗುತ್ತದೆ. ಅಂದು ವಾರದ ಉಪವಾಸ, ವ್ರತ ಇದ್ದರೆ ಏನು ನಡೆಯುತ್ತದೆ ಎಂದು ಹೇಳಿ. ಸಕ್ಕರೆ ಕಾಯಿಲೆಯವರಿಗೆ ಸಿಹಿ ಬಡಿಸಿ ಒತ್ತಾಯ ಮಾಡುವುದಿಲ್ಲ. ರಸಾಯನದಲ್ಲೂ ಬೆಲ್ಲ ಇದೆ, ಅದನ್ನು ಸಕ್ಕರೆಗಿಂತ ಮೇಲು ಎಂದು ನಂಬಿ ಎರಡು ಸಲ ಹಾಕಿಸಿಕೊಳ್ಳಬೇಡಿ.

ಸೊಗಡಿನ ವಾಸನೆಯೇ ಆಗದವರು ಇರುತ್ತಾರೆ. ಅವರೂ ಬನ್ನಿ. ತಿಳಿಸಾರು, ಅನ್ನ, ಪಲ್ಯ ನಿಮ್ಮದು. ಮರ್ಯಾದೆಗೆಂದು ಹಾಕಿಸಿಕೊಂಡು ಎಲೆಯಲ್ಲಿ ಬಿಡುವುದಕ್ಕಿಂತ ಬೇಡವೆಂದು ಮೊದಲೇ ಹೇಳುವುದು ನಮಗೆ ಇಷ್ಟ.

ಉತ್ತರ ಹೀಗಿದ್ದರೆ ಸಾಕು:

"ದೊಡ್ಡವರು 3, ಮಕ್ಕಳು 1, ಮೊದಲ ಪಂಕ್ತಿ. ಅಮ್ಮನಿಗೆ ಈರುಳ್ಳಿ-ಬೆಳ್ಳುಳ್ಳಿ ಇಲ್ಲ. ಮಗನಿಗೆ ಗೋಡಂಬಿ ಅಲರ್ಜಿ, ತಿಂದರೆ ತುಟಿ ಊದುತ್ತದೆ. ನನಗೆ ಸಬ್ಬಸಿಗೆ ಬೇಡ, ಇದ್ದರೂ ನಡೆಯುತ್ತದೆ. ಮುದ್ದೆ 2."

ಅಲರ್ಜಿಯಾದರೆ ಏನಾಗುತ್ತದೆ ಎಂಬುದನ್ನೂ ಒಂದು ಮಾತಿನಲ್ಲಿ ಬರೆಯಿರಿ. ತುರಿಕೆಗೂ ಉಸಿರು ಕಟ್ಟುವುದಕ್ಕೂ ನಮ್ಮ ಸಿದ್ಧತೆ ಬೇರೆ. ಬಂದವರೆದುರು ಹೇಳಲು ಮುಜುಗರವೆನಿಸುವುದಿದ್ದರೆ ಗುಂಪಿನಲ್ಲಿ ಹಾಕದೆ ನಮ್ಮಿಬ್ಬರಲ್ಲಿ ಒಬ್ಬರಿಗೆ ಫೋನ್ ಮಾಡಿ. ಏನೂ ಇಲ್ಲದವರು "ಎಲ್ಲಾ ನಡೆಯುತ್ತದೆ" ಎಂದು ಬರೆಯಿರಿ. ಸುಮ್ಮನಿದ್ದರೆ ಓದಿದ್ದೀರೋ ಇಲ್ಲವೋ ತಿಳಿಯುವುದಿಲ್ಲ. 17ರ ನಂತರ ಏನಾದರೂ ನೆನಪಾದರೂ ಹೇಳಿ, ಶನಿವಾರ ಸಂಜೆಯವರೆಗೆ ಬದಲಾಯಿಸಲು ದಾರಿ ಇದೆ.

ತಿಂಡಿ, ಸಿಹಿ ಮಾಡಿಕೊಂಡು ಬರಬೇಡಿ. ಪ್ರೀತಿ ಕಡಿಮೆ ಎಂದಲ್ಲ, ಅದರೊಳಗೆ ಏನಿದೆಯೆಂದು ಬಡಿಸುವವರಿಗೆ ತಿಳಿಯದು. ತರಲೇಬೇಕೆಂದರೆ ಹಣ್ಣು, ವೀಳ್ಯದೆಲೆ.

ಕೈಜೋಡಿಸುವವರಿಗೆ: ಶನಿವಾರ ಸಂಜೆ 5ರಿಂದ ಕಾಯಿ ಸುಲಿಯುವುದು, ಹುಳು ಇದ್ದದ್ದು ಆರಿಸುವುದು. ರಾತ್ರಿ 10ಕ್ಕೆ ನೆನೆಹಾಕಿ ಭಾನುವಾರ 7ಕ್ಕೆ ಹಿತಕಲು ಕೂರುತ್ತೇವೆ. ಕರಿಯುವ ಬೇಳೆಗೆ ಎರಡು ಗಂಟೆ ಬಟ್ಟೆಯ ಮೇಲೆ ಆರುವ ಸಮಯ ಬೇಕು, ಹಸಿ ಇದ್ದರೆ ಎಣ್ಣೆ ಸಿಡಿಯುತ್ತದೆ, ಆದ್ದರಿಂದ ಅದರ ಪಾಲು ಮೊದಲು ಮುಗಿಸಬೇಕು. ಸಾರಿನ ಬೇಳೆ 11ರೊಳಗೆ ಸಿಕ್ಕರೆ ಸಾಕು, ಅದು ಬೇಗ ಬೇಯುತ್ತದೆ, ಮೈಮರೆತರೆ ಕರಗಿ ಮುದ್ದೆಯಾಗುತ್ತದೆ. ಸೊಗಡು ಕೈಗೆ ಅಂಟುತ್ತದೆ, ಕೊಬ್ಬರಿ ಎಣ್ಣೆ ಇಟ್ಟಿರುತ್ತೇವೆ. ಹಿತಕಲು ಬರುವವರಿಗೆ ಬೆಳಿಗ್ಗೆ ಉಪ್ಪಿಟ್ಟು, ಕಾಫಿ. ಉಪ್ಪಿಟ್ಟು ಗೋಧಿ ರವೆಯದು, ಗೋಧಿ ಆಗದವರಿಗೆ ಅವಲಕ್ಕಿ.

ಬೀದಿ ಕಿರಿದು, ಕಾರುಗಳನ್ನು ಪಾರ್ಕ್ ಪಕ್ಕದ ರಸ್ತೆಯಲ್ಲಿ ನಿಲ್ಲಿಸಿ. ಬಸ್ಸಿನಲ್ಲಿ ಬರುವವರು ಫೋನ್ ಮಾಡಿದರೆ ನಿಲ್ದಾಣದಿಂದ ಕರೆದುಕೊಂಡು ಬರುತ್ತೇವೆ.

ನಿಮ್ಮ ದಾರಿ ನೋಡುವ,
ಸುಮಾ ಮತ್ತು ಪ್ರಭಾಕರ