ನಮ್ಮ ಕ್ಯಾಂಪಸ್ಸಿನ ಸರ್ವಧರ್ಮ ಸಮಿತಿ: ನಿಯಮಪತ್ರ

ಧಾರವಾಡದ ನಮ್ಮ ಕಾಲೇಜಿನ ವಿದ್ಯಾರ್ಥಿಗಳು, ಅಧ್ಯಾಪಕರು, ಹಾಸ್ಟೆಲ್ ಮತ್ತು ಮೆಸ್ ಸಿಬ್ಬಂದಿ ಮೂರು ಸಲ ಕೂತು ಮಾತಾಡಿ ಒಪ್ಪಿಕೊಂಡದ್ದು. 2026ರ ಜೂನ್ 15ರಿಂದ ಜಾರಿ.

ಯಾಕೆ ಈ ಸಮಿತಿ

ವರ್ಷಕ್ಕೊಮ್ಮೆ ವೇದಿಕೆ ಮೇಲೆ ಎಲ್ಲ ಧರ್ಮದವರೂ ಕೈ ಕೈ ಹಿಡಿದು ಫೋಟೊ ತೆಗೆಸಿಕೊಳ್ಳಲು ಈ ಸಮಿತಿ ಮಾಡಿಲ್ಲ. ದಿನದ ಬದುಕಿನಲ್ಲಿ ಆಗುವ ಸಣ್ಣ ಸಣ್ಣ ತೊಂದರೆಗಳನ್ನು ಅವು ದೊಡ್ಡದಾಗುವ ಮೊದಲೇ ಬಗೆಹರಿಸಲು ಮಾಡಿದ್ದೇವೆ. ರಂಜಾನ್ ಉಪವಾಸ ಇದ್ದವರಿಗೆ ನಸುಕಿನ ಸಹರಿ ಊಟಕ್ಕೆ ರಾತ್ರಿಯ ತಣ್ಣನೆ ಅನ್ನವೇ ಗತಿ ಆಗಿತ್ತು. ಸೂರ್ಯ ಮುಳುಗುವ ಮೊದಲೇ ಊಟ ಮಾಡುವ ಜೈನ ಗೆಳತಿಯರು ಮೆಸ್ ಏಳೂವರೆಗೆ ತೆರೆಯುತ್ತದೆ ಎಂಬ ಒಂದೇ ಕಾರಣಕ್ಕೆ ಎಷ್ಟೋ ದಿನ ಬಿಸ್ಕತ್ತಿನ ಮೇಲೆ ಕಳೆದಿದ್ದಾರೆ. ಕ್ಲಾಸಿನ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಮೆಸೇಜ್ ಹಾಕಿದ ಮೇಲೆ ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತವರು ಮಾತು ಬಿಟ್ಟರು. ಇದನ್ನೆಲ್ಲ ಯಾರಿಗೆ ಹೇಳಬೇಕು ಅಂತಲೇ ಗೊತ್ತಿರಲಿಲ್ಲ. ಈಗ ಹೇಳಲು ಒಂದು ಜಾಗ ಇರಬೇಕು, ಅಷ್ಟೇ.

ನಮ್ಮ ಕಡೆ ಹಳ್ಳಿಗಳಲ್ಲಿ ಮೊಹರಂನಲ್ಲಿ ಅಲಾವಿ ಎಂಬ ಬೆಂಕಿ ಗುಂಡಿಯ ಸುತ್ತ ಎಲ್ಲ ಜಾತಿ ಧರ್ಮದವರೂ ಕುಣಿಯುತ್ತಾರೆ. ಅದಕ್ಕೆ ಯಾರೂ ನಿಯಮ ಬರೆದಿಲ್ಲ, ನಿಜ. ಆದರೆ ಅಲ್ಲಿ ತಲೆಮಾರುಗಳ ಒಡನಾಟ ಇದೆ. ಇಲ್ಲಿ ಬೇರೆ ಬೇರೆ ಜಿಲ್ಲೆಯಿಂದ ಬಂದವರು ಎರಡು ಮೂರು ವರ್ಷ ಇದ್ದು ಹೋಗುತ್ತೇವೆ. ಒಡನಾಟ ಬೆಳೆಯುವ ಮೊದಲೇ ಜಗಳ ಬೆಳೆಯುತ್ತದೆ, ಅದಕ್ಕೇ ಬರೆದಿಟ್ಟುಕೊಳ್ಳುತ್ತಿದ್ದೇವೆ.

ಸಮಿತಿ ಯಾರಿಗೂ ಧರ್ಮ ಬೋಧಿಸುವುದಿಲ್ಲ. ಸರ್ಕಾರದ ಮಾನ್ಯತೆ ಅಥವಾ ಹಣ ಪಡೆಯುವ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ ಪೂಜೆ, ಪ್ರಾರ್ಥನೆ, ಧಾರ್ಮಿಕ ಪಾಠಕ್ಕೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ನಮ್ಮ ಪ್ರತಿ ಕಾರ್ಯಕ್ರಮಕ್ಕೂ ಇದು ಅನ್ವಯ. ಬರದವರ ಹಾಜರಿ ಕಡಿಯುವುದಿಲ್ಲ, ಯಾಕೆ ಬರಲಿಲ್ಲ ಅಂತ ಕೇಳುವುದೂ ಇಲ್ಲ.

ಯಾರು ಇರುತ್ತಾರೆ

ಒಟ್ಟು 11 ಜನ. ವಿದ್ಯಾರ್ಥಿಗಳು 7, ಅಧ್ಯಾಪಕರು 2, ಹಾಸ್ಟೆಲ್ ವಾರ್ಡನ್ 1, ಮೆಸ್ ಅಥವಾ ಕಚೇರಿ ಸಿಬ್ಬಂದಿ 1. ಕನಿಷ್ಠ 5 ಜನ ಮಹಿಳೆಯರು ಇರಲೇಬೇಕು. ಕನಿಷ್ಠ 3 ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ ಇರುವವರಾಗಿರಬೇಕು, ಯಾಕೆಂದರೆ ಅರ್ಧಕ್ಕಿಂತ ಜಾಸ್ತಿ ತೊಂದರೆ ಶುರುವಾಗುವುದು ಅಲ್ಲೇ.

ಧರ್ಮಕ್ಕೊಂದು ಸೀಟು ಎಂದು ಹಂಚಬೇಕಾ ಎನ್ನುವುದರ ಮೇಲೆ ಬಹಳ ಹೊತ್ತು ವಾದ ಆಯಿತು. ಬೇಡ ಅಂತ ತೀರ್ಮಾನಿಸಿದೆವು. ಹಾಗೆ ಹಂಚಿದರೆ ಕೂತ ಹುಡುಗಿಯೊಬ್ಬಳು ಇಡೀ ಸಮುದಾಯದ ಪರ ಉತ್ತರ ಕೊಡಬೇಕಾಗುತ್ತದೆ, ಅದು ಅನ್ಯಾಯ ಅಲ್ವಾ? ಇಲ್ಲಿ ಯಾರೂ ತಮ್ಮ ಧರ್ಮದ ವಕ್ತಾರರಲ್ಲ. ಆದರೆ ಒಂದೇ ಧರ್ಮದವರು 11ರಲ್ಲಿ 5ಕ್ಕಿಂತ ಹೆಚ್ಚು ಇರಬಾರದು. ಧರ್ಮ ಯಾವುದು, ಅಥವಾ ಯಾವುದನ್ನೂ ನಂಬುವುದಿಲ್ಲವಾ ಎನ್ನುವುದನ್ನು ಅರ್ಜಿ ಹಾಕುವವರು ತಾವೇ ಬರೆದದ್ದೇ ಅಂತಿಮ. ಸರ್ಟಿಫಿಕೇಟು ಕೇಳುವುದಿಲ್ಲ, ಹೆಸರು ನೋಡಿ ಊಹಿಸುವುದಿಲ್ಲ. ಲಿಂಗಾಯತರು, ಬೌದ್ಧರು, ನಾಸ್ತಿಕರು ತಮ್ಮನ್ನು ತಾವು ಹೇಗೆ ಕರೆದುಕೊಳ್ಳುತ್ತಾರೋ ಹಾಗೆಯೇ ಬರೆದುಕೊಳ್ಳುತ್ತೇವೆ.

ವಿದ್ಯಾರ್ಥಿ ಸದಸ್ಯರನ್ನು ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿ ಆರಿಸುತ್ತೇವೆ. ಮೇಲಿನ ಲೆಕ್ಕ ಕೂಡುವ ತನಕ ಎತ್ತುತ್ತೇವೆ. ಚುನಾವಣೆ ಇಟ್ಟರೆ ಪ್ರಚಾರ, ಪ್ರಚಾರ ಬಂದರೆ ಗುಂಪು. ಅವಧಿ ಒಂದು ವರ್ಷ, ಒಬ್ಬರಿಗೆ ಎರಡೇ ಅವಧಿ. ಯಾವುದೇ ರಾಜಕೀಯ ಪಕ್ಷದಲ್ಲಾಗಲಿ, ಹೊರಗಿನ ಧಾರ್ಮಿಕ ಸಂಘಟನೆಯಲ್ಲಾಗಲಿ ಹುದ್ದೆಯಲ್ಲಿ ಇರುವವರು ಸದಸ್ಯರಾಗುವಂತಿಲ್ಲ. ಅಂಥ ಕಡೆಯಿಂದ ಸಮಿತಿ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ.

ತೀರ್ಮಾನ ಹೇಗೆ

ತಿಂಗಳಿಗೊಮ್ಮೆ, ಎರಡನೇ ಬುಧವಾರ ಸಂಜೆ 4ಕ್ಕೆ ಸಭೆ. ಕನಿಷ್ಠ 7 ಜನ ಇರಬೇಕು. ಮೊದಲು ಎಲ್ಲರೂ ಒಪ್ಪುವ ದಾರಿ ಹುಡುಕುತ್ತೇವೆ. ಸಿಗದಿದ್ದರೆ ಅವತ್ತೇ ಕೈ ಎತ್ತಿಸುವುದಿಲ್ಲ. ಮೂರು ದಿನ ಬಿಟ್ಟು ಮತ್ತೆ ಕೂರುತ್ತೇವೆ, ಆಗಲೂ ಆಗದಿದ್ದರೆ ಮತ. ಗೆಲ್ಲಲು 11ರಲ್ಲಿ 8 ಬೇಕು, ಬಂದವರಲ್ಲಿ ಹೆಚ್ಚು ಎನ್ನುವುದು ಸಾಲದು. ಒಪ್ಪದವರ ಕಾರಣವನ್ನು ಅವರದೇ ಮಾತಿನಲ್ಲಿ ನಡಾವಳಿ ಪುಸ್ತಕದಲ್ಲಿ ಬರೆಯುತ್ತೇವೆ.

ಕೆಲವು ವಿಷಯಗಳು ಮತಕ್ಕೆ ಬರುವುದೇ ಇಲ್ಲ. ಯಾವ ನಂಬಿಕೆ ಸರಿ, ಯಾರು ನಿಜವಾದ ಭಕ್ತ, ಯಾರು ಏನು ತಿನ್ನಬೇಕು, ಇವನ್ನು ನಾವು ತೀರ್ಮಾನಿಸುವುದಿಲ್ಲ. ಒಂದು ಆಚರಣೆಗೆ ಸಂಬಂಧಿಸಿದ ವಿಷಯ ಬಂದರೆ ಅದನ್ನು ಪಾಲಿಸುವ ಕನಿಷ್ಠ ಇಬ್ಬರು ವಿದ್ಯಾರ್ಥಿಗಳ ಮಾತು ಕೇಳದೆ ತೀರ್ಮಾನ ಇಲ್ಲ. ಅವರು ಸಮಿತಿಯಲ್ಲಿ ಇರಬೇಕೆಂದಿಲ್ಲ. ಈ ನಿಯಮ ನಮಗೆ ತುಂಬಾ ಮುಖ್ಯ.

ಜೂನ್ ಕೊನೆಯೊಳಗೆ ಇಡೀ ವರ್ಷದ ಹಬ್ಬ, ಉಪವಾಸಗಳ ಪಟ್ಟಿ ಮಾಡಿ ಪರೀಕ್ಷಾ ವಿಭಾಗಕ್ಕೂ ಮೆಸ್ಸಿಗೂ ಕೊಡುವುದು ನಮ್ಮ ಮೊದಲ ಕೆಲಸ. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ, ಹಾಗಾಗಿ ಹಳೆ ಪಟ್ಟಿ ನಡೆಯುವುದಿಲ್ಲ. ಈದ್ ಚಂದ್ರ ಕಂಡ ಮೇಲೇ ಖಚಿತ. ಆದ್ದರಿಂದ ಬರಬಹುದಾದ ಎರಡೂ ದಿನ ಇಂಟರ್ನಲ್ಸ್ ಇಡಬೇಡಿ ಎಂದು ಕೇಳುತ್ತೇವೆ. ಚೌತಿ ಇರಲಿ, ಉರುಸ್ ಇರಲಿ, ಕ್ರಿಸ್‌ಮಸ್ ಇರಲಿ, ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಕ್ಯಾಂಪಸ್ಸಿನಲ್ಲಿ ಮೈಕ್ ಇಲ್ಲ. ಲೈಬ್ರರಿ ಹಿಂದಿನ ಮೌನ ಕೋಣೆ ಎಲ್ಲರದು. ಒಬ್ಬರೇ ಕೂತು ಧ್ಯಾನ ಮಾಡಿ, ನಮಾಜ್ ಮಾಡಿ, ಜಪಮಾಲೆ ಹಿಡಿಯಿರಿ, ಸುಮ್ನೆ ಕೂತಿರಿ. ಯಾವ ಚಿತ್ರವನ್ನೂ ಗುರುತನ್ನೂ ಅಲ್ಲಿ ಬಿಟ್ಟು ಬರಬೇಡಿ.

ನಮ್ಮ ತೀರ್ಮಾನ ಪ್ರಾಂಶುಪಾಲರಿಗೆ ಶಿಫಾರಸು ಮಾತ್ರ. ಅವರು 7 ದಿನದಲ್ಲಿ ಬರವಣಿಗೆಯಲ್ಲಿ ಉತ್ತರಿಸಲು ಒಪ್ಪಿದ್ದಾರೆ. ಆಗಲ್ಲ ಎಂದರೂ ಕಾರಣ ನೋಟಿಸ್ ಬೋರ್ಡಿಗೆ ಬರುತ್ತದೆ.

ದೂರು ಬಂದರೆ

ಲೈಬ್ರರಿ ಬಾಗಿಲ ಪಕ್ಕದ ಹಸಿರು ಪೆಟ್ಟಿಗೆಗೆ ಬರೆದು ಹಾಕಿ, ಇಲ್ಲವೇ ಯಾವುದೇ ಸದಸ್ಯರಿಗೆ ಬಾಯಲ್ಲೇ ಹೇಳಿ. ಕನ್ನಡ, ಉರ್ದು, ಇಂಗ್ಲಿಷ್, ಹಿಂದಿ, ಯಾವುದಾದರೂ ಸರಿ. ಪೆಟ್ಟಿಗೆಯನ್ನು ಸೋಮವಾರ ಮತ್ತು ಗುರುವಾರ ಇಬ್ಬರು ಸದಸ್ಯರು ಒಟ್ಟಿಗೆ ತೆರೆಯುತ್ತಾರೆ. ಹೆಸರಿಲ್ಲದ ದೂರನ್ನೂ ಓದುತ್ತೇವೆ. ಆದರೆ ಅದರ ಮೇಲೆ ಒಬ್ಬ ವ್ಯಕ್ತಿಯ ವಿರುದ್ಧ ಹೆಜ್ಜೆ ಇಡುವುದಿಲ್ಲ, ಸಮಸ್ಯೆಯನ್ನಷ್ಟೇ ನೋಡುತ್ತೇವೆ.

ಹೆಸರು ಕೊಟ್ಟವರನ್ನು 2 ಕೆಲಸದ ದಿನದೊಳಗೆ ಭೇಟಿ ಮಾಡುತ್ತೇವೆ. ಮೊದಲ ಪ್ರಶ್ನೆ ಒಂದೇ: ನಿಮಗೆ ಏನಾಗಬೇಕು? ಕೆಲವರಿಗೆ ಕ್ಷಮೆ ಬೇಕು, ಕೆಲವರಿಗೆ ರೂಮು ಬದಲಾದರೆ ಸಾಕು, ಇನ್ನು ಕೆಲವರಿಗೆ ಯಾರಾದರೂ ಕೇಳಿಸಿಕೊಂಡರೇ ಸಾಕು. ದೂರು ಕೊಟ್ಟವರು ಬೇಡ ಎಂದರೆ ಎದುರು ಬದುರು ಕೂರಿಸುವುದಿಲ್ಲ. ಎದುರಿನವರ ಮಾತನ್ನೂ ಅಷ್ಟೇ ತಾಳ್ಮೆಯಿಂದ ಕೇಳುತ್ತೇವೆ, ಏನು ದೂರು ಎಂದು ಅವರಿಗೆ ಪೂರ್ತಿ ಹೇಳದೆ ಯಾವ ತೀರ್ಮಾನವೂ ಇಲ್ಲ. 15 ಕೆಲಸದ ದಿನದೊಳಗೆ ಮುಗಿಸುತ್ತೇವೆ. ದೂರು ಸದಸ್ಯರ ಮೇಲೆಯೇ ಇದ್ದರೆ ಅವರು ಆ ವಿಷಯದಿಂದ ಪೂರ್ತಿ ಹೊರಗೆ.

ಹೆಸರು, ಸ್ಕ್ರೀನ್‌ಶಾಟ್, ಮಾತು ಯಾವುದೂ ಸಮಿತಿಯಿಂದ ಹೊರಗೆ ಹೋಗಬಾರದು. ಮನೆಯವರಿಗೆ, ಊರಿನವರಿಗೆ, ಸಂಘಟನೆಗಳಿಗೆ ಫೋನ್ ಹೋಗಬಾರದು. ಹುಡುಗ ಹುಡುಗಿ ಬೇರೆ ಧರ್ಮದವರು, ಜೊತೆಗೆ ಓಡಾಡುತ್ತಾರೆ ಎನ್ನುವ ದೂರನ್ನು ನಾವು ತೆಗೆದುಕೊಳ್ಳುವುದೇ ಇಲ್ಲ. ಅವರನ್ನು ಯಾರಾದರೂ ಹಿಂಬಾಲಿಸಿದರೆ, ಹೆದರಿಸಿದರೆ ಆ ದೂರು ತೆಗೆದುಕೊಳ್ಳುತ್ತೇವೆ. ಗುಟ್ಟು ಬಿಟ್ಟುಕೊಟ್ಟ ಸದಸ್ಯರು ಅಂದೇ ಸಮಿತಿಯಿಂದ ಹೊರಗೆ, ಎರಡನೇ ಅವಕಾಶ ಇಲ್ಲ.

ಎಲ್ಲವನ್ನೂ ನಾವೇ ಬಗೆಹರಿಸಲು ಹೋಗುವುದಿಲ್ಲ. ಹೊಡೆತ, ಬೆದರಿಕೆ ಇದ್ದರೆ ದೂರು ಕೊಟ್ಟವರ ಜೊತೆ ನಿಂತು 112ಕ್ಕೆ ಕರೆ ಮಾಡುತ್ತೇವೆ. ಧರ್ಮದ ಹೆಸರು ಹಿಡಿದು ಹೀಯಾಳಿಸುವುದು ಯುಜಿಸಿ ನಿಯಮದಲ್ಲಿ ರ‍್ಯಾಗಿಂಗ್ ಕೂಡ ಆಗುತ್ತದೆ, ಅದರ ಸಹಾಯವಾಣಿ 1800-180-5522. ಲೈಂಗಿಕ ಕಿರುಕುಳ ಆಂತರಿಕ ಸಮಿತಿಗೆ, ಜಾತಿ ನಿಂದನೆ ಎಸ್‌ಸಿ ಎಸ್‌ಟಿ ಘಟಕಕ್ಕೆ. ಇವನ್ನು ರಾಜಿ ಮಾಡಿಸಲು ನಮಗೆ ಹಕ್ಕಿಲ್ಲ, ಮಾಡಿಸುವುದೂ ಇಲ್ಲ. ನಮ್ಮ ಉತ್ತರ ಒಪ್ಪಿಗೆ ಆಗದಿದ್ದರೆ ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಹೋಗಿ. 2023ರ ಯುಜಿಸಿ ನಿಯಮದ ಪ್ರಕಾರ ಅಲ್ಲಿಂದ ಮುಂದೆ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಬಳಿಗೂ ಹೋಗಬಹುದು. ಅರ್ಜಿ ಬರೆಯಲು ನಾವೇ ಸಹಾಯ ಮಾಡುತ್ತೇವೆ, ಅದು ನಮ್ಮ ವಿರುದ್ಧವೇ ಇದ್ದರೂ.

ಬದಲಾವಣೆ

ಈ ಪತ್ರ ತಿದ್ದಲು 11ರಲ್ಲಿ 8 ಮತ ಬೇಕು. ಅದಕ್ಕೂ ಮೊದಲು ತಿದ್ದುಪಡಿಯನ್ನು 10 ದಿನ ಮೆಸ್ ಬಾಗಿಲಿಗೆ ಅಂಟಿಸಿರಬೇಕು. ಗುಟ್ಟು ಕಾಯುವ ನಿಯಮ ಮತ್ತು ಯಾರನ್ನೂ ಒತ್ತಾಯಿಸಬಾರದು ಎನ್ನುವ ನಿಯಮವನ್ನು ಮಾತ್ರ ಎಷ್ಟು ಮತ ಬಿದ್ದರೂ ಸಡಿಲಿಸುವಂತಿಲ್ಲ. ಪತ್ರದ ಕನ್ನಡ, ಉರ್ದು, ಇಂಗ್ಲಿಷ್ ಪ್ರತಿಗಳು ಲೈಬ್ರರಿಯಲ್ಲೂ ಎರಡೂ ಹಾಸ್ಟೆಲಿನಲ್ಲೂ ಇರುತ್ತವೆ.