ಮರಣ ಕ್ಲೇಮ್ ಕುರಿತು ದಿವಂಗತ ಬಸವರಾಜ ಅವರ ಕುಟುಂಬಕ್ಕೆ ಪತ್ರ

ಕಲಬುರಗಿ
ದಿನಾಂಕ: 2 ಡಿಸೆಂಬರ್ 2025

ಶ್ರೀಮತಿ ಶರಣಮ್ಮನವರಿಗೆ,
ಜೇವರ್ಗಿ ತಾಲ್ಲೂಕು
(ಮೈದುನ ಮಲ್ಲಿಕಾರ್ಜುನ ಅವರ ಮುಖಾಂತರ)

ಮಾನ್ಯರೇ,

ನಿಮ್ಮ ಪತಿ ಬಸವರಾಜ ಅವರು ನವೆಂಬರ್ 14ರಂದು ತೊಗರಿ ಹೊಲದಲ್ಲಿ ಹಾವು ಕಚ್ಚಿ, ಕಲಬುರಗಿಯ ಸರ್ಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿಯನ್ನು ನಿಮ್ಮ ಮೈದುನ ಇಂದು ಬೆಳಿಗ್ಗೆ ನಮ್ಮ ಶಾಖೆಗೆ ಬಂದು ತಿಳಿಸಿದರು. ಕಂತು ಕಟ್ಟಲು ಬಂದಾಗಲೆಲ್ಲ ಬಸವರಾಜ ಅವರು ಮಗನ ಓದಿನ ವಿಷಯ ಹೇಳದೆ ಹೋದವರಲ್ಲ. ನಿಮಗೂ ಮಕ್ಕಳಿಗೂ ಈ ದುಃಖ ತಡೆದುಕೊಳ್ಳುವ ಶಕ್ತಿ ಬರಲೆಂದು ನಾನು ಮತ್ತು ನಮ್ಮ ಶಾಖೆಯ ಸಿಬ್ಬಂದಿ ಪ್ರಾರ್ಥಿಸುತ್ತೇವೆ.

ಅಕ್ಟೋಬರ್ 28ರ ಅರ್ಧವಾರ್ಷಿಕ ಕಂತು ಕಟ್ಟದ ಕಾರಣ ಪಾಲಿಸಿ ರದ್ದಾಗಿದೆ ಎಂದು ನೀವು ಚಿಂತಿಸುತ್ತಿರುವುದಾಗಿ ಮೈದುನ ಹೇಳಿದರು. ಆ ಚಿಂತೆಯನ್ನು ದಯವಿಟ್ಟು ಬಿಡಿ. ಕಂತಿನ ದಿನ ಕಳೆದ ಮೇಲೂ 30 ದಿನಗಳ ರಿಯಾಯಿತಿ ಅವಧಿ ಇರುತ್ತದೆ, ಮರಣವು ಆ ಅವಧಿಯೊಳಗೇ ಸಂಭವಿಸಿರುವುದರಿಂದ ಪಾಲಿಸಿ ಪೂರ್ತಿಯಾಗಿ ಚಾಲ್ತಿಯಲ್ಲಿತ್ತು. ಬಾಕಿ ಕಂತಿನ ಮೊತ್ತವನ್ನಷ್ಟೇ ಕ್ಲೇಮ್ ಹಣದಲ್ಲಿ ಕಳೆಯಲಾಗುತ್ತದೆ. ಪಾಲಿಸಿ ಪಡೆದದ್ದು 2016ರಲ್ಲಿ. 3 ವರ್ಷ ದಾಟಿದ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ ಎಂದು 1938ರ ವಿಮಾ ಕಾಯ್ದೆಯ 45ನೇ ಕಲಮು ಹೇಳುತ್ತದೆ. ಮೂಲ ವಿಮಾ ಮೊತ್ತ 5 ಲಕ್ಷ ರೂಪಾಯಿ ಮತ್ತು ಅದಕ್ಕೆ ಸೇರಿರುವ ಬೋನಸ್ ನಿಮಗೆ ಸಲ್ಲಬೇಕು. ಬಸವರಾಜ ಅವರು ಅಪಘಾತ ಲಾಭವನ್ನೂ ಪಡೆದಿದ್ದರು. ಹಾವು ಕಡಿತದ ಮರಣ ಈ ಪಾಲಿಸಿಯಲ್ಲಿ ಅಪಘಾತವೆಂದೇ ಪರಿಗಣಿತವಾಗುವುದರಿಂದ, ದಾಖಲೆಗಳು ಅದನ್ನು ತೋರಿಸಿದರೆ ಇನ್ನೂ 5 ಲಕ್ಷ ರೂಪಾಯಿ ಸಿಗುತ್ತದೆ.

ಹಾಗಾಗಿ ಕಾಗದಪತ್ರಗಳಲ್ಲಿ ತಡವಾಗಬಾರದು. ಮೊದಲ ಕೆಲಸ ಮರಣ ಪ್ರಮಾಣಪತ್ರ. ಮರಣ ಸಂಭವಿಸಿದ ಸ್ಥಳದಲ್ಲೇ ನೋಂದಣಿ ಆಗಬೇಕಾದ್ದರಿಂದ ಇದು ನಿಮ್ಮ ಊರಿನ ಪಂಚಾಯಿತಿಯಲ್ಲಿ ಅಲ್ಲ, ಇಲ್ಲಿ ಆಸ್ಪತ್ರೆಯ ಕಡೆಯಿಂದ ಆಗಬೇಕು. ಮಾಹಿತಿ ನೀಡುವ 21 ದಿನಗಳ ಅವಧಿ ಡಿಸೆಂಬರ್ 5ಕ್ಕೆ ಮುಗಿಯುವುದರಿಂದ, ಇಂದೇ ಆಸ್ಪತ್ರೆಗೆ ಹೋಗಿ ವಿಚಾರಿಸುವಂತೆ ಮೈದುನರಿಗೆ ಹೇಳಿದ್ದೇನೆ. ಅಪಘಾತ ಲಾಭಕ್ಕಾಗಿ ಪೊಲೀಸ್ ಠಾಣೆಯ ಅಸ್ವಾಭಾವಿಕ ಮರಣ ವರದಿ, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ ಮತ್ತು ಆಸ್ಪತ್ರೆಯ ಚಿಕಿತ್ಸಾ ದಾಖಲೆಗಳ ದೃಢೀಕೃತ ಪ್ರತಿಗಳು ಬೇಕು. ಇವುಗಳೊಂದಿಗೆ ಮೂಲ ಪಾಲಿಸಿ ಬಾಂಡ್, ಈ ಪತ್ರದ ಜೊತೆಗಿರುವ ಕ್ಲೇಮ್ ಅರ್ಜಿ, ನಿಮ್ಮ ಆಧಾರ್ ಮತ್ತು ಪಾಸ್‌ಬುಕ್ಕಿನ ಪ್ರತಿ ಸೇರಿಸಿ. ನೀವೇ ನಾಮಿನಿಯಾಗಿರುವುದರಿಂದ ನಾವು ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಕೇಳುವುದಿಲ್ಲ.

ಒಂದು ತೊಡಕಿದೆ. ಪಾಲಿಸಿಯಲ್ಲಿ ನಿಮ್ಮ ಹೆಸರು ‘ಶರಣಬಸಮ್ಮ’ ಎಂದಿದೆ, ಆಧಾರ್‌ನಲ್ಲಿ ‘ಶರಣಮ್ಮ’ ಎಂದಿದೆ. ನಮ್ಮ ಭಾಗದಲ್ಲಿ ಮನೆಯಲ್ಲಿ ಕರೆಯುವ ಹೆಸರೊಂದು, ದಾಖಲೆಯ ಹೆಸರೊಂದು ಇರುವುದು ಸಾಮಾನ್ಯ. ಇದರಿಂದ ನಿಮ್ಮ ಹಕ್ಕಿಗೆ ಧಕ್ಕೆಯಿಲ್ಲ. ಎರಡೂ ಹೆಸರು ನಿಮ್ಮದೇ ಎಂದು ನೋಟರಿ ಮುಂದೆ ಮಾಡಿದ ಪ್ರಮಾಣಪತ್ರ ಸಾಕು, ಅದರ ಒಕ್ಕಣೆಯನ್ನು ನಾನೇ ಬರೆದು ಕೊಟ್ಟಿದ್ದೇನೆ. ನಿಮ್ಮ ಬ್ಯಾಂಕ್ ಖಾತೆಯ ಕೆವೈಸಿ ಪೂರ್ಣವಾಗಿದೆಯೇ ಎಂದೂ ನೋಡಿಕೊಳ್ಳಿ, ಇಲ್ಲದಿದ್ದರೆ ದೊಡ್ಡ ಮೊತ್ತ ಜಮೆಯಾಗದೆ ಹಿಂದಿರುಗಬಹುದು.

ನಮ್ಮ ಪಾಲಿಸಿಗೆ ಸಂಬಂಧವಿಲ್ಲದಿದ್ದರೂ ಇದನ್ನು ಹೇಳಲೇಬೇಕು. ಬಸವರಾಜ ಅವರ ಪಾಸ್‌ಬುಕ್ಕಿನಲ್ಲಿ ಮೇ ಅಥವಾ ಜೂನ್ ತಿಂಗಳಲ್ಲಿ 436 ರೂಪಾಯಿ ಅಥವಾ 20 ರೂಪಾಯಿ ಕಡಿತವಾಗಿದೆಯೇ ಎಂದು ಮಗನಿಂದ ನೋಡಿಸಿ. ಅವು ಪ್ರಧಾನಮಂತ್ರಿ ಜೀವನ ಜ್ಯೋತಿ ಮತ್ತು ಸುರಕ್ಷಾ ಬಿಮಾ ಯೋಜನೆಗಳ ಕಂತುಗಳಾಗಿದ್ದರೆ, ಒಂದೊಂದರಿಂದಲೂ 2 ಲಕ್ಷ ರೂಪಾಯಿ ಕೇಳುವ ಹಕ್ಕು ನಾಮಿನಿಗೆ ಇರುತ್ತದೆ. ಇದನ್ನು ಆ ಬ್ಯಾಂಕಿನಲ್ಲೇ ತಡಮಾಡದೆ ಕೇಳಬೇಕು. ಹಾವು ಕಡಿತದಿಂದ ರೈತರು ತೀರಿಕೊಂಡಾಗ ಸಿಗುವ ಸರ್ಕಾರಿ ಪರಿಹಾರದ ಬಗ್ಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಅದೇ ಆಸ್ಪತ್ರೆ ಮತ್ತು ಪೊಲೀಸ್ ದಾಖಲೆಗಳು ಅಲ್ಲಿಯೂ ಬೇಕಾಗುವುದರಿಂದ ಪ್ರತಿಯೊಂದರ ನಾಲ್ಕೈದು ಪ್ರತಿ ಮಾಡಿಸಿಟ್ಟುಕೊಳ್ಳಿ.

ತನಿಖೆ ಬೇಕಿಲ್ಲದ ಮರಣ ಕ್ಲೇಮನ್ನು ದಾಖಲೆಗಳೆಲ್ಲ ಸೇರಿದ 15 ದಿನಗಳೊಳಗೆ ಇತ್ಯರ್ಥಪಡಿಸಬೇಕೆಂಬುದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ. ಪೊಲೀಸರ ಅಂತಿಮ ವರದಿ ತಡವಾದರೆ ಅಪಘಾತ ಲಾಭ ಮಾತ್ರ ಆಮೇಲೆ ಬರುತ್ತದೆ, ಮೂಲ ಮೊತ್ತವನ್ನು ಅದಕ್ಕಾಗಿ ತಡೆಹಿಡಿಯುವುದಿಲ್ಲ. ನಮ್ಮ ನಿರ್ಧಾರ ಸರಿಯಲ್ಲವೆನಿಸಿದರೆ ಮೊದಲು ನಮ್ಮ ದೂರು ವಿಭಾಗಕ್ಕೆ ಬರೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

ಈ ಕೆಲಸಕ್ಕೆ ನಮ್ಮ ಕಚೇರಿಯಲ್ಲಿ ಒಂದು ರೂಪಾಯಿಯೂ ಕೊಡಬೇಕಿಲ್ಲ. ಹಣ ಬೇಗ ಕೊಡಿಸುತ್ತೇನೆಂದು ಯಾರಾದರೂ ಮನೆಗೆ ಬಂದರೆ ಖಾಲಿ ಕಾಗದಕ್ಕೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿ, ಫೋನಿನಲ್ಲಿ ಕೇಳಿದರೆ ಒಟಿಪಿ ಹೇಳಬೇಡಿ.

ಈ ದಿನಗಳಲ್ಲಿ ನೀವು ಕಲಬುರಗಿಗೆ ಬರುವ ಅಗತ್ಯವಿಲ್ಲ. ಡಿಸೆಂಬರ್ 10ರ ಬುಧವಾರ ನಾನೇ ನಿಮ್ಮ ಮನೆಗೆ ಬಂದು ಅರ್ಜಿ ತುಂಬಿಸಿಕೊಳ್ಳುತ್ತೇನೆ. ಅಷ್ಟರೊಳಗೆ ಪಾಲಿಸಿ ಬಾಂಡ್ ಹುಡುಕಿಟ್ಟಿದ್ದರೆ ಸಾಕು.

ಇಂತಿ ನಿಮ್ಮ ವಿಶ್ವಾಸಿ,
ಕ್ಲೇಮ್ ಅಧಿಕಾರಿ
ಜೀವ ವಿಮಾ ಶಾಖೆ, ಕಲಬುರಗಿ